ಹೊಸ ದಾಖಲಾತಿ ನಂಬರ್ ಬಗ್ಗೆ ಪೋಷಕರಿಗೆ ಪತ್ರ: ಮಾಡಿದವರು ಅನುಭವ ಹೇಳಿ

ಹೈಸ್ಕೂಲ್ ಹೆಡ್‌ಮಾಸ್ಟರ್, ಮಂಡ್ಯ:
ಈ ಜೂನ್‌ನಿಂದ ನಮ್ಮ ಶಾಲೆಯ ದಾಖಲಾತಿ ಸಂಖ್ಯೆ `06-25-014` ಈ ತರ ಇರುತ್ತದೆ. ಮೊದಲು ತರಗತಿ, ಆಮೇಲೆ ವರ್ಷ, ಕೊನೆಗೆ ಕ್ರಮಸಂಖ್ಯೆ. ಪೋಷಕರಿಗೆ ಒಂದು ಪುಟದ ಪತ್ರ ಕಳಿಸಬೇಕು. ನಿಮ್ಮಲ್ಲಿ ಏನು ಬರೆದಿರಿ, ಏನು ಎಡವಟ್ಟಾಯಿತು? ಫೋನ್ ಕಮ್ಮಿ ಬಂದರೆ ಸಾಕು.

ನಿವೃತ್ತ ಮೇಷ್ಟ್ರು, ಮದ್ದೂರು:
ನಾನು ರಿಟೈರ್ ಆಗುವ ಹಿಂದಿನ ವರ್ಷ ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡೆ. ಪತ್ರದಲ್ಲಿ ಒಂದೇ ಒಂದು ಸಾಲು ಕೈ ಕೊಟ್ಟಿತು. "ಮೊದಲ ಎರಡು ಅಂಕಿ ತರಗತಿಯನ್ನು ತಿಳಿಸುತ್ತವೆ" ಅಂತ ಬರೆದಿದ್ದೆ. ಯಾವ ತರಗತಿ ಅಂತ ಬರೆಯಲಿಲ್ಲ. ನನಗೆ ಗೊತ್ತಿತ್ತಲ್ಲ, ಎಲ್ಲರಿಗೂ ಗೊತ್ತಿರುತ್ತೆ ಅಂದುಕೊಂಡೆ.

ಮೊದಲ ವರ್ಷ ಯಾರೂ ಸೊಲ್ಲೆತ್ತಲಿಲ್ಲ. ಮರುವರ್ಷ ಜೂನ್‌ನಲ್ಲಿ ಶುರುವಾಯಿತು. ಹುಡುಗ ಏಳನೇ ಕ್ಲಾಸಿಗೆ ಬಂದಿದ್ದಾನೆ, ಕಾರ್ಡಿನಲ್ಲಿ 06 ಅಂತಲೇ ಇದೆ. ಒಬ್ಬ ಅಜ್ಜಿ ಕಾರ್ಡನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದು, "ನಮ್ಮ ಹೈದನ್ನ ಫೇಲ್ ಮಾಡ್ಬುಟ್ರಾ ಸ್ವಾಮಿ?" ಅಂತ ಬಾಗಿಲಲ್ಲೇ ಅತ್ತುಬಿಟ್ಟರು.

ಅದಾದರೂ ಸಮಾಧಾನ ಮಾಡಿ ಕಳಿಸುವ ವಿಷಯ. ಅಸಲಿ ಪೆಟ್ಟು ಬೇರೆ ಕಡೆ ಬಿತ್ತು. ನಮ್ಮ ಇಬ್ಬರು ಟೀಚರ್‌ಗಳೇ ಹಾಜರಿ ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ 06 ಹೊಡೆದು 07 ಮಾಡಿದರು. ಒಳ್ಳೆ ಮನಸ್ಸಿನಿಂದಲೇ. ನಮ್ಮ ಕ್ರಮಸಂಖ್ಯೆ ತರಗತಿವಾರು ಇತ್ತು. ಹಾಗಾಗಿ ಆರಕ್ಕೆ ಸೇರಿದ ಹುಡುಗನ ನಂಬರ್ ತಿದ್ದಿದ ಮೇಲೆ, ಅದೇ ವರ್ಷ ನೇರ ಏಳಕ್ಕೆ ಸೇರಿದ್ದ ಒಬ್ಬ ಹುಡುಗಿಯ ನಂಬರೇ ಆಗಿಹೋಯಿತು. ಕೊನೆಯ 014 ಇಬ್ಬರಿಗೂ ಒಂದೇ. ಇವನ ಅಪ್ಪ ಕಟ್ಟಿದ 1,800 ರೂಪಾಯಿ ಅವಳ ಹೆಸರಿಗೆ ಜಮಾ ಆಯಿತು. ಆ ಹುಡುಗಿಯ ಅಪ್ಪ ಎರಡು ರಸೀದಿ ಹಿಡಿದುಕೊಂಡು ಬಂದು ಹೇಳಿದ್ದಕ್ಕೆ ಗೊತ್ತಾಯಿತು. ಬಾರದೇ ಇದ್ದಿದ್ದರೆ? ಇಡೀ ಹಾಜರಿ ಪುಸ್ತಕ ಮೂಲ ರಿಜಿಸ್ಟರ್ ಜೊತೆ ತಾಳೆ ನೋಡೋಕೆ ನಾಲ್ಕು ಸಂಜೆ ಹೋಯಿತು.

ಎರಡು ಮಕ್ಕಳ ತಾಯಿ, ಕುವೆಂಪುನಗರ:
ಪತ್ರ ಬರೆಯುವವರಿಗೆ ನಮ್ಮ ಕಷ್ಟ ಎಲ್ಲಿ ಗೊತ್ತಾಗುತ್ತೆ. ನಮ್ಮ ಯಜಮಾನರಿಗೆ ಹುಬ್ಬಳ್ಳಿಯಿಂದ ಮೈಸೂರಿಗೆ ವರ್ಗ ಆಯಿತು. ಮಗಳನ್ನು 2025ರ ಜನವರಿಯಲ್ಲಿ ಮೂರನೇ ಕ್ಲಾಸಿಗೆ ಸೇರಿಸಿದೆವು. ಬಂದ ನಂಬರಿನ ಮಧ್ಯೆ 24 ಇತ್ತು. ಸೇರಿದ್ದು 25ರಲ್ಲಿ, ಬರೆದಿದ್ದು 24! ತಪ್ಪು ಅಂತ ಆಫೀಸಿಗೆ ಹೋದೆ. ಕ್ಲರ್ಕ್ ಹಳೇ ಕಾರ್ಡ್ ವಾಪಸ್ ಇಸ್ಕೊಂಡು 120 ರೂಪಾಯಿ ಕಟ್ಟಿಸಿಕೊಂಡು 25 ಅಂತ ಹೊಸದು ಕೊಟ್ಟರು. ಹದಿನೈದು ದಿನ ಬಿಟ್ಟು ಇನ್ನೊಬ್ಬರು ಫೋನ್ ಮಾಡಿ, "ಮೇಡಂ, ಶೈಕ್ಷಣಿಕ ವರ್ಷ 2024-25, ಮೊದಲನೆಯದೇ ಸರಿ" ಅಂದರು. ಮತ್ತೆ 120. ಆಟೋ ಖರ್ಚು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಆ 240 ಯಾರು ವಾಪಸ್ ಕೊಡ್ತಾರೆ ಹೇಳಿ?

ಇಬ್ಬರು ಗಂಡುಮಕ್ಕಳ ಅಪ್ಪ, ಶ್ರೀರಂಗಪಟ್ಟಣ:
ಇಷ್ಟೆಲ್ಲ ರಗಳೆ ಯಾಕೆ ಸ್ವಾಮಿ? ಸರ್ಕಾರವೇ ಪ್ರತಿ ಮಗುವಿಗೂ ಸ್ಯಾಟ್ಸ್ ನಂಬರ್ ಕೊಟ್ಟಿದೆ. ಸ್ಕಾಲರ್‌ಶಿಪ್ಪಿಗೆ ಅದನ್ನೇ ಕೇಳ್ತಾರೆ. ನಮ್ಮ ದೊಡ್ಡವನ ಅರ್ಜಿ ಹಾಕಿದಾಗ ಶಾಲೆಯ ನಂಬರನ್ನು ಯಾರೂ ಮೂಸಿಯೂ ನೋಡಲಿಲ್ಲ. ದಾಖಲಾತಿ ನಂಬರ್ ತೆಗೆದುಹಾಕಿ, ಪತ್ರವೂ ಬೇಡ, ಪೇಪರೂ ಉಳಿಯುತ್ತೆ.

ಶಾಲೆಯ ಆಫೀಸ್ ಕ್ಲರ್ಕ್, ಸರಸ್ವತಿಪುರಂ:
ಸ್ಕಾಲರ್‌ಶಿಪ್ ವಿಷಯ ನೀವು ಹೇಳಿದ್ದು ಸರಿ ಸಾರ್. ಮಿಕ್ಕಿದ್ದು ಅಲ್ಲ. ಸ್ಯಾಟ್ಸ್ ನಂಬರ್ ಮಗುವಿನದು. ಶಾಲೆ ಬದಲಾದರೂ ಅದರ ಹಿಂದೆಯೇ ಹೋಗುತ್ತೆ. ದಾಖಲಾತಿ ನಂಬರ್ ನಮ್ಮ ರಿಜಿಸ್ಟರಿನ ಒಂದು ಸಾಲಿಗೆ ಸೇರಿದ್ದು. ಮಗು ಟಿಸಿ ತಗೊಂಡು ಹೋದರೂ ಆ ಸಾಲು ಇಲ್ಲೇ ಇರುತ್ತೆ. ಇಪ್ಪತ್ತು ವರ್ಷ ಆದ ಮೇಲೆ ಯಾರೋ ಬಂದು "ನನ್ನ ಹುಟ್ಟಿದ ತಾರೀಕು ನಿಮ್ಮ ದಾಖಲೆಯಲ್ಲಿ ಏನಿದೆ ನೋಡಿ" ಅಂದರೆ ನಾನು ಹುಡುಕೋದು ಇದೇ ನಂಬರಿನಿಂದ.

ಈಗ ನಮ್ಮ ಕತೆ. ನಮ್ಮ ಮ್ಯಾನೇಜ್‌ಮೆಂಟ್ 2024ರಲ್ಲಿ ಹೊಸ ನಂಬರ್ ತಂದಿತು. ಕ್ರಮ ಬೇರೆ: ತರಗತಿ, ಕ್ರಮಸಂಖ್ಯೆ, ವರ್ಷ. ಮಧ್ಯೆ ಓರೆಗೆರೆ. ಒಂದರಿಂದ ಹತ್ತನೇ ಕ್ಲಾಸ್‌ವರೆಗೆ 412 ಮಕ್ಕಳಿಗೂ ಒಂದೇ ಸಲ. ನಾನೇ ಎಕ್ಸೆಲ್‌ನಲ್ಲಿ ಕೂತು ಟೈಪ್ ಮಾಡಿದೆ. ಐದನೇ ಕ್ಲಾಸಿನ ಹನ್ನೆರಡನೆಯ ಮಗು ಅಂದರೆ `5/12/24`. ಎಂಟರ್ ಒತ್ತಿದ ಕೂಡಲೇ `05-12-2024` ಆಯಿತು. ನಾನು ಗಮನಿಸಲಿಲ್ಲ. ಯಾಕೆಂದರೆ ಹದಿಮೂರನೆಯ ಮಗುವಿನಿಂದ ಎಲ್ಲ ಸರಿಯಾಗಿತ್ತು. ಹದಿಮೂರನೇ ತಿಂಗಳು ಇಲ್ಲವಲ್ಲ, ಹಾಗಾಗಿ ಎಕ್ಸೆಲ್ ಅದನ್ನು ಮುಟ್ಟಲಿಲ್ಲ. ಪ್ರತಿ ಕ್ಲಾಸಿನ ಮೊದಲ ಹನ್ನೆರಡು ಮಕ್ಕಳಿಗೆ ಮಾತ್ರ ತಾರೀಕು ಬಂದಿತ್ತು.

ಕಾರ್ಡ್ ಪ್ರಿಂಟ್ ಆಗಿ ಬಂತು. ಒಂದು ಕಾರ್ಡಿಗೆ 60 ರೂಪಾಯಿ, ಒಟ್ಟು 24,720. ಹಂಚಿದ ಮಾರನೇ ದಿನ ಒಬ್ಬರು ತಾಯಿ, "ನಮ್ಮ ಪಾಪು ಹುಟ್ಟಿದ್ದು ಈ ತಾರೀಕಲ್ಲ" ಅಂತ ಬಂದರು. ಹತ್ತು ಕ್ಲಾಸು, ಹನ್ನೆರಡು ಮಕ್ಕಳು, 120 ಕಾರ್ಡ್ ಕಸ. ಇನ್ನೊಂದು 7,200. ಗಾಬರಿಯಲ್ಲಿ ಆ ಕಾಲಂ ಅನ್ನು `Text` ಮಾಡಿದೆ. ಆಗ ತಾರೀಕು ಹೋಗಿ `45631` ಅಂತ ಏನೇನೋ ಬಂತು. ಕೊನೆಗೆ 120 ನಂಬರೂ ಮತ್ತೆ ಕೈಯಲ್ಲೇ ಟೈಪ್ ಮಾಡಬೇಕಾಯಿತು. ಆ 7,200ರಲ್ಲಿ ಅರ್ಧ ನನ್ನ ಸಂಬಳದಿಂದ ಹಿಡಿದರು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಐಡಿ ಕಾರ್ಡ್ ಅಂಗಡಿ, ಪಾಂಡವಪುರ:
ಕ್ಲರ್ಕ್ ಮೇಡಂ, ನಮ್ಮಂಥವರ ಕಡೆಯೂ ಸ್ವಲ್ಪ ನೋಡಿ. ನೀವು ಕಳಿಸಿದ ಫೈಲಿನಲ್ಲಿ ಏನಿರುತ್ತೋ ಅದೇ ಪ್ರಿಂಟ್ ಆಗೋದು. ನನಗೂ ಒಂದು ಶಾಲೆಯವರು ಗೆರೆ ಇಲ್ಲದೆ `0625014` ಅಂತ ನಂಬರ್ ಮಾಡಿ ಕಳಿಸಿದ್ದರು. ಫೈಲ್ ತೆಗೆದರೆ ಮುಂದಿನ ಸೊನ್ನೆ ಮಾಯ, `625014` ಮಾತ್ರ. ಹತ್ತನೇ ಕ್ಲಾಸಿನವರದು ಏಳು ಅಂಕಿ, ಉಳಿದವರದು ಆರು. ನಾನು ಫೋನ್ ಮಾಡಿ ಕೇಳಿದೆ. "ಹಂಗೇ ಹೊಡೀರಿ, ಅರ್ಜೆಂಟು" ಅಂದರು. ಆಮೇಲೆ ಬಿಲ್ ಕೊಡುವಾಗ ತಕರಾರು.

ಹೆಡ್‌ಮಾಸ್ಟರ್ ಸಾರ್, ನಿಮ್ಮ ಕ್ರಮದಲ್ಲಿ ವರ್ಷ ಮಧ್ಯೆ ಇರೋದರಿಂದ ತಾರೀಕಿನ ಕಾಟ ಕಮ್ಮಿ. ಅಡ್ಡಗೆರೆ ಮಾತ್ರ ಬಿಡಬೇಡಿ. ಟೈಪ್ ಮಾಡುವುದಕ್ಕೆ ಮೊದಲೇ ಕಾಲಂ ಆರಿಸಿ `Format Cells`ನಲ್ಲಿ `Text` ಇಡಿಸಿ. ಟೈಪ್ ಮಾಡಿದ ಮೇಲೆ ಇಟ್ಟರೆ ಏನಾಗುತ್ತೆ ಅಂತ ಮೇಡಂ ಹೇಳಿದ್ದಾರೆ.

ನಿವೃತ್ತ ಮೇಷ್ಟ್ರು, ಮದ್ದೂರು:
ಎಕ್ಸೆಲ್ ನಂಬಿದ್ದೇ ತಪ್ಪು. ನಾನು ಹೊಸ ನಂಬರ್ ಎಲ್ಲ ಮಕ್ಕಳಿಗೂ ಕೊಟ್ಟು, ದಾಖಲಾತಿ ರಿಜಿಸ್ಟರಿನಲ್ಲಿ ಹಳೇ ನಂಬರಿನ ಪಕ್ಕ ಕೆಂಪಿನಲ್ಲಿ ಬರೆಸಿದೆ. ಒಂದೇ ಶಾಲೆಯಲ್ಲಿ ಎರಡು ನಮೂನೆ ಇರಬಾರದು.

ಶಾಲೆಯ ಆಫೀಸ್ ಕ್ಲರ್ಕ್, ಸರಸ್ವತಿಪುರಂ:
ಕ್ಷಮಿಸಿ ಮೇಷ್ಟ್ರೇ, ಅದೇ ದೊಡ್ಡ ತಪ್ಪು. ಹಳೇ ನಂಬರಿನಲ್ಲಿ ಫೀಸ್ ರಸೀದಿ, ಅಂಕಪಟ್ಟಿ, ಎಲ್ಲ ಕೊಟ್ಟಾಗಿದೆ. ಟಿಸಿ ಬರೆಯುವಾಗ ಯಾವುದನ್ನು ಹಾಕೋದು? ನಮ್ಮಲ್ಲಿ ಒಬ್ಬ ಹುಡುಗನ ಟಿಸಿಗೆ ಹೊಸ ನಂಬರ್, ಹಳೇ ಅಂಕಪಟ್ಟಿಯಲ್ಲಿ ಹಳೇ ನಂಬರ್. ಸೇರಿಸಿಕೊಳ್ಳುವ ಶಾಲೆಯವರು ಇದು ಒಬ್ಬನದೇನಾ ಅಂತ ಪತ್ರ ಬರೆಸಿಕೊಂಡರು. ಹೊಸ ನಂಬರ್ ಹೊಸದಾಗಿ ಸೇರುವವರಿಗೆ ಮಾತ್ರ. ಹಳಬರದು ಮುಟ್ಟಬಾರದು. ನೀವೇನೋ ರಿಟೈರ್ ಆದಿರಿ, ಎರಡೆರಡು ನಂಬರ್ ಹುಡುಕೋರು ನಾವು.

ನಿವೃತ್ತ ಮೇಷ್ಟ್ರು, ಮದ್ದೂರು:
ಮೂವತ್ತೊಂದು ವರ್ಷ ರಿಜಿಸ್ಟರ್ ಬರೆದ ಕೈ ಇದು. ಸಂಬಳ ಹಿಡಿಸಿಕೊಂಡವರಿಂದ ಪಾಠ ಬೇಕಿಲ್ಲ.

ಎರಡು ಮಕ್ಕಳ ತಾಯಿ, ಕುವೆಂಪುನಗರ:
ಮೇಷ್ಟ್ರೇ, ಆ ಮಾತು ಸರಿಯಲ್ಲ. ಆದರೆ ಕ್ಲರ್ಕ್ ಮೇಡಂ, ನೀವು ಹೇಳೋ ಹಾಗೆ ಮಾಡಿದರೆ ಒಂದೇ ಮನೆಯಲ್ಲಿ ದೊಡ್ಡ ಮಗುವಿನದು ಹಳೇ ನಂಬರ್ `4387`, ಚಿಕ್ಕದರದು ಹೊಸದು. ಫೀಸ್ ಕಟ್ಟುವಾಗ ಗೊಂದಲ ಆಗಲ್ವಾ?

ಶಾಲೆಯ ಆಫೀಸ್ ಕ್ಲರ್ಕ್, ಸರಸ್ವತಿಪುರಂ:
ಗೊಂದಲ ಆಗೋದು ಪತ್ರದಲ್ಲಿ ಹೇಳದಿದ್ದರೆ ಮಾತ್ರ. ನಮ್ಮದು ಎರಡನೇ ಸಲ ಕಳಿಸಿದ ಪತ್ರ ಇಲ್ಲಿ ಹಾಕ್ತೀನಿ. ಆಗ ಮ್ಯಾನೇಜ್‌ಮೆಂಟ್‌ನವರೇ ಕ್ರಮವನ್ನೂ ಹೆಡ್‌ಮಾಸ್ಟರ್ ಸಾರ್ ಬರೆದ ಹಾಗೆ ಬದಲಾಯಿಸಿದರು. ಮೊದಲನೆಯದು ಒಂದೂವರೆ ಪುಟ ಇತ್ತು, ಯಾರೂ ಓದಲಿಲ್ಲ.

"ಪೋಷಕರಿಗೆ ನಮಸ್ಕಾರ. ಈ ಜೂನ್‌ನಿಂದ ನಮ್ಮ ಶಾಲೆಗೆ ಹೊಸದಾಗಿ ಸೇರುವ ಮಕ್ಕಳಿಗೆ ಹೊಸ ಮಾದರಿಯ ದಾಖಲಾತಿ ಸಂಖ್ಯೆ ಕೊಡುತ್ತೇವೆ. ಈಗಾಗಲೇ ಓದುತ್ತಿರುವ ಮಕ್ಕಳ ಸಂಖ್ಯೆ ಬದಲಾಗುವುದಿಲ್ಲ. ಉದಾಹರಣೆಗೆ `06-25-014`. ಇದರಲ್ಲಿ 06 ಅಂದರೆ ಮಗು ಶಾಲೆಗೆ ಸೇರಿದ ದಿನ ಇದ್ದ ತರಗತಿ. ಮಗು ಮುಂದಿನ ತರಗತಿಗೆ ಹೋದರೂ ಇದು 06 ಆಗಿಯೇ ಉಳಿಯುತ್ತದೆ. 25 ಅಂದರೆ 2025-26ನೇ ಶೈಕ್ಷಣಿಕ ವರ್ಷ. 2026ರ ಜನವರಿಯಲ್ಲಿ ಸೇರಿದವರಿಗೂ 25 ಎಂದೇ ಬರುತ್ತದೆ. 014 ಅಂದರೆ ಆ ವರ್ಷ ಆ ತರಗತಿಗೆ ಸೇರಿದ ಹದಿನಾಲ್ಕನೆಯ ಮಗು. ಇದು ರೋಲ್ ನಂಬರ್ ಅಲ್ಲ, ರ‍್ಯಾಂಕ್ ಅಲ್ಲ. ಸ್ಯಾಟ್ಸ್ ಸಂಖ್ಯೆ ಬೇರೆ, ಅದು ಹಾಗೆಯೇ ಇರುತ್ತದೆ. ಫೀಸ್ ಕಟ್ಟುವಾಗ ಸೊನ್ನೆ ಮತ್ತು ಅಡ್ಡಗೆರೆ ಬಿಡದೆ ಪೂರ್ತಿ ಬರೆಯಿರಿ."

"ರ‍್ಯಾಂಕ್ ಅಲ್ಲ" ಅನ್ನೋದು ತಮಾಷೆಗೆ ಸೇರಿಸಿದ್ದಲ್ಲ. 001 ಬಂದ ಮಗುವಿನ ಮನೆಯವರು ಆಫೀಸಿಗೆ ಮೈಸೂರು ಪಾಕ್ ತಂದಿದ್ದರು.

ಇಬ್ಬರು ಗಂಡುಮಕ್ಕಳ ಅಪ್ಪ, ಶ್ರೀರಂಗಪಟ್ಟಣ:
ತರಗತಿವಾರು ಬೇಡ, ಇಡೀ ಶಾಲೆಗೆ ಒಂದೇ ಕ್ರಮಸಂಖ್ಯೆ ಇಡಿ. ಆಗ ಮೇಷ್ಟ್ರು ಹೇಳಿದ ಹಾಗೆ ಇಬ್ಬರ ನಂಬರ್ ಒಂದೇ ಆಗಲ್ಲ.

ಶಾಲೆಯ ಆಫೀಸ್ ಕ್ಲರ್ಕ್, ಸರಸ್ವತಿಪುರಂ:
ಇದೊಂದು ಒಳ್ಳೆ ಮಾತು ಹೇಳಿದಿರಿ. ಯಾರಾದರೂ ತರಗತಿ ತಿದ್ದಿದರೂ ಇನ್ನೊಬ್ಬರ ನಂಬರ್ ಮೇಲೆ ಹೋಗಿ ಕೂರಲ್ಲ. ಆದರೆ ಆರನೇ ಕ್ಲಾಸಿನಲ್ಲಿ 014 ಆದ ಮೇಲೆ ನೇರ 019 ಬರುತ್ತೆ. ಮಧ್ಯದ ನಾಲ್ಕು ಮಕ್ಕಳು ಎಲ್ಲಿ ಅಂತ ಪೋಷಕರು ಕೇಳ್ತಾರೆ. ಅದಕ್ಕೂ ಪತ್ರದಲ್ಲಿ ಒಂದು ಸಾಲು ಬೇಕು.

ಹೈಸ್ಕೂಲ್ ಹೆಡ್‌ಮಾಸ್ಟರ್, ಮಂಡ್ಯ:
ಎಲ್ಲರಿಗೂ ಉಪಕಾರ ಆಯಿತು. ಸೇರಿದ ದಿನದ ತರಗತಿ ಅನ್ನೋ ಸಾಲನ್ನು ದಪ್ಪಕ್ಷರದಲ್ಲೇ ಹಾಕಿಸ್ತೀನಿ. ಇನ್ನೊಂದು ಉಳಿದಿದೆ. ಟಿಸಿ ತಗೊಂಡು ಹೋದ ಮಗು ಎರಡು ವರ್ಷ ಬಿಟ್ಟು ನಮ್ಮಲ್ಲಿಗೇ ವಾಪಸ್ ಬಂದರೆ ಹಳೇ ನಂಬರೋ, ಹೊಸದೋ?

ನಿವೃತ್ತ ಮೇಷ್ಟ್ರು, ಮದ್ದೂರು:
ಹಳೇದೇ. ಮಗು ಅದೇ ತಾನೇ.

ಶಾಲೆಯ ಆಫೀಸ್ ಕ್ಲರ್ಕ್, ಸರಸ್ವತಿಪುರಂ:
ಹೊಸದು. ಟಿಸಿ ಕೊಟ್ಟ ಮೇಲೆ ಆ ಸಾಲು ಮುಗಿಯಿತು. ಬೇರೆ ಶಾಲೆಯ ಟಿಸಿ ತಗೊಂಡು ಬರುವಾಗ ಅದು ಹೊಸ ದಾಖಲಾತಿ. ಷರಾ ಕಾಲಂನಲ್ಲಿ ಹಳೇ ನಂಬರ್ ಬರೆದರೆ ಆಯಿತು.

ನಿವೃತ್ತ ಮೇಷ್ಟ್ರು, ಮದ್ದೂರು:
ಷರಾ ಕಾಲಂನಲ್ಲಿ ಎರಡನೇ ನಂಬರ್! ಮಧ್ಯಾಹ್ನ ನಾನು ಕೆಂಪಿನಲ್ಲಿ ಬರೆಸಿದ್ದಕ್ಕೆ ಅಷ್ಟು ಕೂಗಾಡಿದರಲ್ಲ?

ಐಡಿ ಕಾರ್ಡ್ ಅಂಗಡಿ, ಪಾಂಡವಪುರ:
ನಂಬರ್ ಯಾವುದಾದರೂ ಇಡಿ ಸಾರ್, ಫೈಲ್ ಕಳಿಸುವಾಗ ಪ್ರತಿ ಪುಟಕ್ಕೂ ಸಹಿ ಹಾಕಿ ಕಳಿಸಿ. ಆ `625014` ಶಾಲೆಯ ಬಾಕಿ ನನಗೆ ಇನ್ನೂ ಬಂದಿಲ್ಲ.