ಅಗ್ರಿಮೆಂಟಲ್ಲಿ ಇಂಡೆಮ್ನಿಟಿ ಬರೆಸಿದ್ರೂ ನೋಟಿಸ್ ನನಗೇ ಯಾಕೆ ಬಂತು?

ಪ್ರಶ್ನೆ (ದಾವಣಗೆರೆ, ಅಂಗಡಿ ಮಳಿಗೆ ಮಾಲೀಕರು):
ನಮ್ ಬಿಲ್ಡಿಂಗ್ ಕೆಳಗಡೆ ಅಂಗಡಿ ಬಾಡಿಗೆಗೆ ಕೊಟ್ಟಿದ್ದೀವಿ. ಬಾಡಿಗೆದಾರರು ಮೇಲೆ ಪ್ಯಾರಪೆಟ್‌ಗೆ ಆಂಗಲ್ ಹೊಡೆಸಿ ದೊಡ್ಡ ಬೋರ್ಡ್ ಹಾಕ್ಸಿದ್ರು, ಗಾಳಿ ಮಳೆಗೆ ಅದು ಕಿತ್ಕೊಂಡ್ ಬಿದ್ದು ದಾರೀಲಿ ಹೋಗ್ತಿದ್ದ ಒಬ್ರಿಗೆ ಭುಜದ ಮೂಳೆ ಮುರೀತು. ಈಗ 6 ಲಕ್ಷ ಕೇಳಿ ನನಗೂ ಬಾಡಿಗೆದಾರರಿಗೂ ಲಾಯರ್ ನೋಟಿಸ್ ಬಂದೈತೆ. ಅಗ್ರಿಮೆಂಟಲ್ಲಿ "ಅಂಗಡಿಯನ್ನು ಬಾಡಿಗೆದಾರರು ಉಪಯೋಗಿಸುವುದರಿಂದ ಮೂರನೆಯವರಿಗೆ ಆಗುವ ಯಾವುದೇ ನಷ್ಟಕ್ಕೆ ಬಾಡಿಗೆದಾರರೇ ಹೊಣೆ, ಮಾಲೀಕರಿಗೆ ನಷ್ಟಭರ್ತಿ ಮಾಡಿಕೊಡತಕ್ಕದ್ದು" ಅಂತ ಐತೆ. ಈ ಕಾಗದ ತೋರ್ಸಿ ನಾನು ಕೇಸಿಂದ ಹೊರಗೆ ಬರಬಹುದಾ? ಬಾಡಿಗೆದಾರರು ಮುಂದಿನ ತಿಂಗಳು ಖಾಲಿ ಮಾಡ್ತಿದ್ದಾರೆ, 2 ಲಕ್ಷ ಅಡ್ವಾನ್ಸ್ ವಾಪಸ್ ಕೇಳ್ತಿದ್ದಾರೆ.

ಉತ್ತರ (ಸಿವಿಲ್ ವಕೀಲರು, ಮೈಸೂರು):
ಇಲ್ಲ ಸರ್, ಹೊರಗೆ ಬರಕ್ಕಾಗಲ್ಲ. ಆ ಕಾಗದಕ್ಕೆ ಸಹಿ ಹಾಕಿರೋದು ನೀವು ಮತ್ತೆ ಬಾಡಿಗೆದಾರರು, ಪೆಟ್ಟು ತಿಂದವರು ಅದನ್ನ ನೋಡೇ ಇಲ್ಲ, ಹಾಗಾಗಿ ಅವರ ಹಕ್ಕನ್ನ ಅದು ಕಮ್ಮಿ ಮಾಡಲ್ಲ. ರಸ್ತೆ ಪಕ್ಕದ ಕಟ್ಟಡದಿಂದ ಹೋಗೋ ಬರೋರಿಗೆ ಅಪಾಯ ಆಗದ ಹಾಗೆ ನೋಡ್ಕೊಳೋದು ಮಾಲೀಕರ ಜವಾಬ್ದಾರಿ ಅಂತ ಸುಪ್ರೀಂ ಕೋರ್ಟ್ 1966ರಲ್ಲೇ ಹೇಳಿದೆ, ದೆಹಲಿ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಕೇಸಲ್ಲಿ. ಅಲ್ಲಿ ಗೋಪುರ ಇದ್ದಿದ್ದು ಮುನಿಸಿಪಾಲಿಟಿದು, ಆದ್ರೆ ಆ ಮಾತು ಖಾಸಗಿ ಕಟ್ಟಡದ ಕೇಸುಗಳಲ್ಲೂ ವಾದಕ್ಕೆ ಬರತ್ತೆ.

ಹಾಗಾದ್ರೆ ಆ ಇಂಡೆಮ್ನಿಟಿ ಕ್ಲಾಸ್, ಅಂದ್ರೆ ನಷ್ಟ ತುಂಬಿಕೊಡ್ತೀನಿ ಅನ್ನೋ ಆ ಸಾಲು, ಏನ್ ಕೆಲಸ ಮಾಡತ್ತೆ ಅಂದ್ರೆ, ನಿಮ್ಮ ಕೈಯಿಂದ ಹೋಗೋ ದುಡ್ಡನ್ನ ಬಾಡಿಗೆದಾರರಿಂದ ವಸೂಲಿ ಮಾಡೋ ಹಕ್ಕು ಕೊಡತ್ತೆ, ಅಷ್ಟೇ. ಒಂದು ಲೆಕ್ಕ ಹೇಳ್ತೀನಿ. ಕೋರ್ಟು ನಿಮ್ಮಿಬ್ಬರ ಮೇಲೂ ಸೇರಿಸಿ 4 ಲಕ್ಷಕ್ಕೆ ಡಿಕ್ರಿ ಮಾಡ್ತು ಅಂದ್ಕೊಳಿ. ಗಾಯಾಳು ಆ 4 ಲಕ್ಷಾನೂ ನಿಮ್ಮೊಬ್ಬರಿಂದಲೇ ವಸೂಲಿ ಮಾಡಬಹುದು, ಅರ್ಧ ಅರ್ಧ ಅಂತ ಅವರು ಹಂಚ್ಕೊಂಡು ಹೋಗಬೇಕಿಲ್ಲ, ಮತ್ತೆ ಸಾಮಾನ್ಯವಾಗಿ ಮಾಲೀಕರ ಹಿಂದೇನೇ ಬರ್ತಾರೆ, ಯಾಕಂದ್ರೆ ನಿಮ್ಮ ಬಿಲ್ಡಿಂಗ್ ಎಲ್ಲೂ ಓಡಿಹೋಗಲ್ಲ, ಬಾಡಿಗೆದಾರರು ಇವತ್ತು ಇಲ್ಲಿ ನಾಳೆ ಇನ್ನೊಂದು ಊರಲ್ಲಿ. ನೀವು ಕಟ್ಟಿದ 4 ಲಕ್ಷ, ಅದರ ಬಡ್ಡಿ, ಕೇಸ್ ನಡೆಸಿದ ನ್ಯಾಯವಾದ ಖರ್ಚು, ಇವನ್ನ ಆಮೇಲೆ ಬಾಡಿಗೆದಾರರಿಂದ ಕೇಳಬಹುದು. 1872ರ ಕಾಂಟ್ರಾಕ್ಟ್ ಆಕ್ಟ್‌ನ 125ನೇ ಸೆಕ್ಷನ್ ಇದಕ್ಕೇ ಇರೋದು.

ಆದ್ರೆ ಅದರಲ್ಲಿ ಷರತ್ತುಗಳಿವೆ. ಇಂಡೆಮ್ನಿಟಿ ಕೊಟ್ಟವರ, ಅಂದ್ರೆ ಬಾಡಿಗೆದಾರರ ಮಾತು ಮೀರಿ ನೀವು ಕೇಸ್ ನಡೆಸಿರಬಾರದು, ಮತ್ತೆ ಇಂಡೆಮ್ನಿಟಿ ಇಲ್ಲದೇ ಇದ್ದಿದ್ರೆ ಒಬ್ಬ ವಿವೇಕಿ ಮನುಷ್ಯ ತನ್ನ ಸ್ವಂತ ದುಡ್ಡು ಅಂತ ಹೇಗೆ ಜೋಪಾನವಾಗಿ ನಡ್ಕೊಳ್ತಿದ್ನೋ ಹಾಗೇ ನಡ್ಕೊಂಡಿರಬೇಕು. ಇಲ್ಲಾಂದ್ರೆ ಅವರೇ ನಿಮಗೆ ಕೇಸ್ ನಡೆಸಿ ಅಂತ ಒಪ್ಪಿಗೆ ಕೊಟ್ಟಿರಬೇಕು. ಅದಕ್ಕೇ ಈ ವಾರಾನೇ ಒಂದು ಕೆಲಸ ಮಾಡಿ: ಬಂದ ನೋಟಿಸಿನ ಕಾಪಿ ಇಟ್ಟು ಬಾಡಿಗೆದಾರರಿಗೆ ಸ್ಪೀಡ್ ಪೋಸ್ಟಲ್ಲಿ ಬರೀರಿ, ಇಷ್ಟನೇ ಕ್ಲಾಸ್ ಪ್ರಕಾರ ನೀವೇ ಇದನ್ನ ವಹಿಸ್ಕೊಂಡು ನಡೆಸಬೇಕು, ಇಷ್ಟು ದಿನದಲ್ಲಿ ಉತ್ತರ ಕೊಡದಿದ್ರೆ ನಾನೇ ನಡೆಸ್ತೀನಿ, ಖರ್ಚು ನಿಮ್ಮ ಮೇಲೆ ಅಂತ. ಗಾಯಾಳು ಕಡೆ ಲಾಯರಿಗೆ ಬೇರೆ ಉತ್ತರ ಹೋಗ್ಲಿ, ಅದರಲ್ಲಿ "ತಪ್ಪು ನಮ್ಮದೇ" ಅನ್ನೋ ಮಾತು ಬೇಡ.

ಹುಬ್ಬಳ್ಳಿ ವ್ಯಾಪಾರಸ್ಥರು:
ಮೇಡಂ ಇದು ಎಲ್ಲಾ ಆಮ್ಯಾಗಿನ ಮಾತು ಅಲ್ರಿ? ನಮ್ ಲಾಯರ್ ಹೇಳಿದ್ದು, ಮೊದ್ಲು ನಿನ್ ಕಿಸೆದಾಗಿಂದ ರೊಕ್ಕ ಹೋಗಬೇಕು, ಹೋದ ಮ್ಯಾಲೇ ಇಂಡೆಮ್ನಿಟಿ ಕೇಳಾಕ ಬರ್ತೈತಿ ಅಂತ.

ವಕೀಲರು, ಮೈಸೂರು:
ನಿಮ್ಮ ಲಾಯರ್ ಹೇಳಿದ್ದು ಅರ್ಧ ನಿಜ ಸರ್. ಇಂಗ್ಲೆಂಡಿನ ಹಳೇ ಕಾಮನ್ ಲಾ ಹಾಗೇ ಇತ್ತು, ಮತ್ತೆ ಬರೀ ನೋಟಿಸ್ ಬಂತು ಅಂತ ಇವತ್ತೇ ಹೋಗಿ 6 ಲಕ್ಷ ಕೊಡಿ ಅಂತ ಬಾಡಿಗೆದಾರರನ್ನ ಕೇಳಕ್ಕೂ ಬರಲ್ಲ. ಆದ್ರೆ 1942ರಲ್ಲಿ ಬಾಂಬೆ ಹೈಕೋರ್ಟಲ್ಲಿ ಜಸ್ಟಿಸ್ ಛಾಗ್ಲಾ ಅವರು ಗಜಾನನ ಮೋರೇಶ್ವರ ಕೇಸಲ್ಲಿ, ಹೊಣೆ ಖಚಿತವಾಗಿ ತಲೆ ಮೇಲೆ ಬಂದ ಮೇಲೆ ಜೇಬಿಂದ ಕಟ್ಟೋ ತನಕ ಕಾಯಬೇಕಿಲ್ಲ, ಆ ಹೊಣೆಯಿಂದ ಬಿಡಿಸು ಅಂತ ಇಂಡೆಮ್ನಿಟಿ ಕೊಟ್ಟವರನ್ನ ಕೇಳಬಹುದು ಅಂದ್ರು. ಯಾಕಂದ್ರೆ ಕಟ್ಟಕ್ಕೇ ದುಡ್ಡಿಲ್ಲದವನಿಗೆ ಕಟ್ಟಿ ಬಾ ಅಂದ್ರೆ ಇಂಡೆಮ್ನಿಟಿ ಇದ್ದೂ ಇಲ್ಲದ ಹಾಗೆ. ಅಂದ್ರೆ ಡಿಕ್ರಿ ಆದ ಮೇಲೆ ಇವರು ಸಾಲ ಮಾಡಿ ಕಟ್ಟಿ ಆಮೇಲೆ ಓಡಾಡಬೇಕು ಅಂತೇನಿಲ್ಲ.

ಬಳ್ಳಾರಿ ಸದಸ್ಯರು:
ನಂದೂ ಇದೇ ಸಮಸ್ಯೆ ಮೇಡಂ. ನಮ್ಮ ಬಾಡಿಗೆದಾರ ನಾಲ್ಕು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ, ಕರೆಂಟ್ ಬಿಲ್ಲೂ ಬಾಕಿ, ನಮ್ಮ ಅಗ್ರಿಮೆಂಟಲ್ಲೂ ಇಂಡೆಮ್ನಿಟಿ ಇದೆ, ಅದರ ಕೆಳಗೆ ಕೇಸ್ ಹಾಕ್ಬಹುದಾ?

ವಕೀಲರು, ಮೈಸೂರು:
ನಿಮ್ಮದು ಬೇರೆ ವಿಷಯ ಸರ್. ಬಾಡಿಗೆ ಬಾಕಿ ಅವರು ನಿಮಗೇ ಕೊಡಬೇಕಾದ ಸಾಲ, ಹೊರಗಿನವರು ಯಾರೂ ಬಂದಿಲ್ಲ ಮಧ್ಯೆ. ಬಾಕಿ ವಸೂಲಿ ಮತ್ತೆ ಖಾಲಿ ಮಾಡಿಸೋದಕ್ಕೆ ದಾವೆ ಹಾಕಿ, ಇಂಡೆಮ್ನಿಟಿ ಹಿಡ್ಕೊಂಡು ಹೋದ್ರೆ ದಾರಿ ಸುತ್ತು ಆಗತ್ತೆ. ಬೇರೆ ಪೋಸ್ಟ್ ಹಾಕಿ, ಅಲ್ಲಿ ವಿವರವಾಗಿ ಹೇಳ್ತೀನಿ.

ಪ್ರಶ್ನೆ ಕೇಳಿದವರು:
ಮೇಡಂ ಬಾಡಿಗೆದಾರರಿಗೆ ಫೋನ್ ಮಾಡಿದ್ದೆ. ಅವರು ಏನಂತಾರೆ ಅಂದ್ರೆ, ಬೋರ್ಡ್ ಗಟ್ಟಿನೇ ಇತ್ತು, ನಿಮ್ಮ ಪ್ಯಾರಪೆಟ್ಟೇ ಸೀಳಿತ್ತು, ಮಳೆಗಾಲಕ್ಕೆ ಮುಂಚೆ ವಾಟ್ಸಾಪಲ್ಲಿ ಫೋಟೋ ಹಾಕಿದ್ದೆ ಅಂತ. ನೋಡ್ದೆ, ಹಾಕಿರೋದು ನಿಜ. "ನೋಡ್ತೀನಿ" ಅಂತ ನಾನೇ ರಿಪ್ಲೈ ಮಾಡಿದೀನಿ. ಇದರಿಂದ ತೊಂದ್ರೆ ಆಗತ್ತಾ?

ವಕೀಲರು, ಮೈಸೂರು:
ಆಗತ್ತೆ ಸರ್, ನಿಮ್ಮ ಕೇಸಿನ ತಿರುಳೇ ಇದು. ನಿಮ್ಮ ಕ್ಲಾಸ್ ಇರೋದು "ಬಾಡಿಗೆದಾರರು ಉಪಯೋಗಿಸುವುದರಿಂದ" ಆಗೋ ನಷ್ಟಕ್ಕೆ. ಬೋರ್ಡ್ ಹಾಕಿದ್ದು ಅವರ ಉಪಯೋಗಾನೇ, ಆದ್ರೆ ಪ್ಯಾರಪೆಟ್ ರಿಪೇರಿ ಯಾರದು? ಅಗ್ರಿಮೆಂಟಲ್ಲಿ ರಿಪೇರಿ ಕ್ಲಾಸ್ ಬೇರೆ ಇರತ್ತೆ, ಕಟ್ಟಡದ ದೊಡ್ಡ ರಿಪೇರಿ ಮಾಲೀಕರದ್ದು ಅಂತ ಬರೆದಿದ್ರೆ ಎರಡನ್ನೂ ಒಟ್ಟಿಗೆ ಓದ್ತಾರೆ. ಮೊದಲಿನ ಲೆಕ್ಕಾನೇ ತಗೊಳಿ, 4 ಲಕ್ಷದಲ್ಲಿ ಕಾಲು ಭಾಗ ತಪ್ಪು ಮಾಲೀಕರದ್ದು ಅಂತ ಕೋರ್ಟಿಗೆ ಅನ್ನಿಸಿದ್ರೆ ಬಾಡಿಗೆದಾರರಿಂದ ನಿಮಗೆ ವಾಪಸ್ ಸಿಗೋದು 3 ಲಕ್ಷದ ಆಸುಪಾಸು ಇರಬಹುದು, ಪೂರ್ತಿ ಸಿಗಲ್ಲ. ಸ್ವಂತ ನಿರ್ಲಕ್ಷ್ಯದಿಂದ ಆಗಿದ್ದನ್ನೂ ಇನ್ನೊಬ್ಬರು ತುಂಬಿಕೊಡ್ಬೇಕು ಅನ್ನೋದಾದ್ರೆ ಅದು ಕ್ಲಾಸಲ್ಲಿ ಬಿಡಿಸಿ ಬರೆದಿರಬೇಕು, "ಯಾವುದೇ ನಷ್ಟ" ಅನ್ನೋ ಎರಡು ಪದದ ಮೇಲೆ ಅಷ್ಟು ಭಾರ ಹೊರಿಸಕ್ಕೆ ನನಗೆ ಧೈರ್ಯ ಇಲ್ಲ. ಆ ವಾಟ್ಸಾಪ್ ಚಾಟನ್ನ ದಯವಿಟ್ಟು ಡಿಲೀಟ್ ಮಾಡಬೇಡಿ, ಅವರ ಫೋನಲ್ಲೂ ಇರತ್ತೆ, ನೀವು ಅಳಿಸಿದ್ದೀರಿ ಅಂತ ಗೊತ್ತಾದ್ರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬಲ್ಲ.

ಪೊಲೀಸ್ ಕೇಸ್ ಏನಾದ್ರೂ ಆಗಿದ್ರೆ ಅದನ್ನ ಬೇರೆ ಇಟ್ಟು ನೋಡಿ. ನಿರ್ಲಕ್ಷ್ಯದಿಂದ ಗಾಯ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ, ಅಂದ್ರೆ ಬಿಎನ್‌ಎಸ್‌ನ 125ನೇ ಸೆಕ್ಷನ್ ಹಾಕ್ತಾರೆ, ಆ ಶಿಕ್ಷೆಯನ್ನ ಯಾವ ಅಗ್ರಿಮೆಂಟೂ ಬೇರೆಯವರ ಹೆಗಲಿಗೆ ದಾಟಿಸಲ್ಲ.

ವಿಮಾ ಏಜೆಂಟ್, ಶಿವಮೊಗ್ಗ:
ಬಾಡಿಗೆದಾರರ ಹತ್ರ ಶಾಪ್ ಪಾಲಿಸಿ ಇದೆಯಾ ಕೇಳಿ ಅಣ್ಣಾ. ಎಷ್ಟೋ ಶಾಪ್‌ಕೀಪರ್ ಪಾಲಿಸೀಲಿ ಪಬ್ಲಿಕ್ ಲಯಬಿಲಿಟಿ ಅಂತ, ಹೊರಗಿನವರಿಗೆ ಆದ ನಷ್ಟ ತುಂಬಿಕೊಡೋ ಒಂದು ಸೆಕ್ಷನ್ ಇರತ್ತೆ, ತಗೊಂಡವರಿಗೇ ಗೊತ್ತಿರಲ್ಲ. ಇದ್ರೆ ನೋಟಿಸ್ ಬಂದ ಕೂಡ್ಲೇ ಕಂಪನಿಗೆ ತಿಳಿಸ್ಬೇಕು, ಅವರನ್ನ ಕೇಳದೆ ತಪ್ಪು ಒಪ್ಕೊಂಡ್ರೆ, ರಾಜಿ ಮಾಡ್ಕೊಂಡ್ರೆ ಕ್ಲೇಮ್ ಬಿದ್ದೋಗತ್ತೆ.

ಬೆಂಗಳೂರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕಾರ್ಯದರ್ಶಿ:
ನಮ್ಮ ಲಿಫ್ಟ್ ಮೇಂಟೆನೆನ್ಸ್ ಕರಾರಲ್ಲೂ ಇಂಡೆಮ್ನಿಟಿ ಇದೆ, ವಿಸಿಟರ್ ಯಾರಿಗಾದ್ರೂ ಪೆಟ್ಟಾದ್ರೆ ಸರ್ವಿಸ್‌ನವರೇ ಕೊಡ್ತಾರೆ ಅಂತ ನಿಶ್ಚಿಂತೆಯಿಂದ ಇದ್ವಿ. ಈ ಥ್ರೆಡ್ ಓದಿ ತೆಗೆದು ನೋಡ್ದೆ, ಕೊನೇ ಪುಟದಲ್ಲಿ ಯಾವ ಕಾರಣಕ್ಕೂ ವರ್ಷದ ಶುಲ್ಕಕ್ಕಿಂತ ಜಾಸ್ತಿ ಹೊಣೆ ಇಲ್ಲ ಅಂತ ಇದೆ. ನಮ್ಮ ಶುಲ್ಕ ವರ್ಷಕ್ಕೆ 60 ಸಾವಿರ.

ವಕೀಲರು, ಮೈಸೂರು:
ಸರ್ವಿಸ್ ಕರಾರುಗಳಲ್ಲಿ ಇದು ತುಂಬಾ ಕಾಮನ್. 5 ಲಕ್ಷದ ಡಿಕ್ರಿ ಬಂದ್ರೆ ಅವರು 60 ಸಾವಿರ ಇಟ್ಟು ನಮ್ಮದು ಮುಗೀತು ಅಂತ ವಾದ ಮಾಡ್ತಾರೆ, ಉಳಿದಿದ್ದು ಫ್ಲ್ಯಾಟಿನವರ ತಲೆಗೆ. ರಿನ್ಯೂವಲ್ ಟೈಮಲ್ಲಿ "ಮೂರನೆಯವರ ಗಾಯ ಮತ್ತು ಸಾವಿಗೆ ಈ ಮಿತಿ ಅನ್ವಯಿಸಲ್ಲ" ಅಂತ ಒಂದು ಸಾಲು ಸೇರಿಸಿ, ಒಪ್ಪದಿದ್ರೆ ಅವರ ಇನ್ಶೂರೆನ್ಸ್ ಕಾಪಿ ಆದ್ರೂ ಇಸ್ಕೊಳಿ.

ಹುಬ್ಬಳ್ಳಿ ವ್ಯಾಪಾರಸ್ಥರು:
ಇವರ ಅಗ್ರಿಮೆಂಟ್ 11 ತಿಂಗಳದ್ದು ಇರ್ತೈತಿ, ರಿಜಿಸ್ಟರ್ ಆಗಿರಂಗಿಲ್ಲ, ಹಂಗಾದ್ರ ಕ್ಲಾಸು ನಡೀತೈತೇನ್ರಿ?

ವಕೀಲರು, ಮೈಸೂರು:
11 ತಿಂಗಳದ್ದಾದ್ರೆ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. ಸಿಕ್ಕಿಹಾಕ್ಕೊಳೋದು ಛಾಪಾ ಕಾಗದದಲ್ಲಿ. ಡ್ಯೂಟಿ ಕಮ್ಮಿ ಕಟ್ಟಿದ್ರೆ ಸಾಕ್ಷಿಗೆ ತಗೊಳೋ ಹೊತ್ತಲ್ಲಿ ಎದುರು ಲಾಯರ್ ಎದ್ದು ನಿಲ್ತಾರೆ, ಕರ್ನಾಟಕ ಸ್ಟಾಂಪ್ ಆಕ್ಟ್ ಪ್ರಕಾರ ಬಾಕಿ ಡ್ಯೂಟಿ ಜೊತೆಗೆ ಹತ್ತು ಪಟ್ಟು ದಂಡ ಕಟ್ಟಿದ ಮೇಲೇನೇ ಆ ಕಾಗದ ಕೋರ್ಟಲ್ಲಿ ಓದಕ್ಕೆ ಬರೋದು.

ಪ್ರಶ್ನೆ ಕೇಳಿದವರು:
ಗಾಯಾಳು ಕಡೆಯವರು ಎರಡೂವರೆ ಲಕ್ಷಕ್ಕೆ ರಾಜಿಗೆ ಬರ್ತಾರೆ ಅಂತ ಪರಿಚಯದವರು ಹೇಳ್ತಿದ್ದಾರೆ. ನಾನು ಕೊಟ್ಟು ಮುಗಿಸಿ ಆಮೇಲೆ ಅಡ್ವಾನ್ಸಲ್ಲಿ ಹಿಡ್ಕೊಂಡ್ರೆ ಹೆಂಗೆ?

ವಕೀಲರು, ಮೈಸೂರು:
ರಾಜಿ ಒಳ್ಳೇದೇ, ಪೆಟ್ಟು ತಿಂದವರಿಗೂ ಬೇಗ ದುಡ್ಡು ಸಿಗತ್ತೆ. ಆದ್ರೆ ಹೇಳದೆ ಕೊಟ್ಬಿಟ್ರೆ "ನನ್ನ ಕೇಳಿದ್ರೆ ಒಂದು ಲಕ್ಷಕ್ಕೆ ಮುಗಿಸ್ತಿದ್ದೆ" ಅಂತ ಬಾಡಿಗೆದಾರರು ಹೇಳ್ತಾರೆ, ಆಗ ಎರಡೂವರೆ ಲಕ್ಷ ವಿವೇಕದ ಮೊತ್ತ ಅಂತ ತೋರಿಸೋ ಭಾರ ನಿಮ್ಮ ಮೇಲೆ ಬೀಳತ್ತೆ. ಆಸ್ಪತ್ರೆ ಬಿಲ್, ಎಕ್ಸ್‌ರೇ, ಎಷ್ಟು ದಿನ ಕೆಲಸಕ್ಕೆ ಹೋಗಿಲ್ಲ ಅನ್ನೋ ದಾಖಲೆ ಎಲ್ಲ ಇಸ್ಕೊಂಡು, ಅದರ ಕಾಪಿ ಜೊತೆ ಬಾಡಿಗೆದಾರರಿಗೆ ಬರೀರಿ, ಇಷ್ಟಕ್ಕೆ ರಾಜಿ ಆಗ್ತಿದೆ, ಹತ್ತು ದಿನದಲ್ಲಿ ಆಕ್ಷೇಪಣೆ ಇದ್ರೆ ಹೇಳಿ ಅಂತ. ಅವರು ಬೇಡ ಅಂತ ಬರೆದ್ರೆ ಮೇಲೆ ಬಿದ್ದು ಕಟ್ಟಬೇಡಿ, ಹಾಗಾದ್ರೆ ನೀವೇ ಕೇಸ್ ನಡೆಸಿ ಅಂತ ಮತ್ತೆ ಬರೀರಿ. ದಾವೆ ಆದ ಮೇಲೆ ರಾಜಿ ಆದ್ರೆ ಕೋರ್ಟಲ್ಲೇ ದಾಖಲಾಗಲಿ.

ಅಡ್ವಾನ್ಸ್ ವಿಷಯ, ಬಾಕಿ ಬಾಡಿಗೆ, ಡ್ಯಾಮೇಜ್ ಬಿಟ್ಟು ಬೇರೆ ಬಾಬ್ತಿಗೂ ಹಿಡ್ಕೊಳಬಹುದು ಅಂತ ನಿಮ್ಮ ಅಗ್ರಿಮೆಂಟಲ್ಲಿ ಇದೆಯಾ ನೋಡಿ. ಇಲ್ಲದಿದ್ರೆ 2 ಲಕ್ಷಾನೂ ಹಿಡ್ಕೊಂಡು ಕೂತ್ರೆ ಅವರೇ ನಿಮ್ಮ ಮೇಲೆ ಕೇಸ್ ಹಾಕ್ತಾರೆ.

ಇನ್ನೊಬ್ಬ ವಕೀಲರು, ದಾವಣಗೆರೆ:
ಮೇಡಂ, ಇದೊಂದಕ್ಕೆ ನನ್ನ ಅಭಿಪ್ರಾಯ ಬೇರೆ. ಕ್ಲಾಸ್ ಇಲ್ಲದಿದ್ರೂ ನಾನಾಗಿದ್ರೆ ಅಡ್ವಾನ್ಸ್ ಬಿಡಲ್ಲ. ಖಾಲಿ ಮಾಡಿ ಹೋದ ಮೇಲೆ ಅವರನ್ನ ಎಲ್ಲಿ ಹುಡುಕೋದು? ಕೇಸ್ ಹಾಕಿದ್ರೆ ಹಾಕ್ಲಿ, ಅದೇ ಕೇಸಲ್ಲಿ ನಮ್ಮ ಇಂಡೆಮ್ನಿಟಿ ಹಕ್ಕನ್ನೂ ಎತ್ತೋಣ.

ವಕೀಲರು, ಮೈಸೂರು:
ಡಿಕ್ರಿನೂ ಇಲ್ಲ, ರಾಜಿನೂ ಆಗಿಲ್ಲ, ಮೊತ್ತ ಖಚಿತ ಆಗದ ಹಣಕ್ಕೆ ಹಿಡ್ಕೊಂಡಿದ್ದು ಸರಿ ಅಂತ ಕೋರ್ಟು ಒಪ್ಪತ್ತೆ ಅನ್ನೋ ನಂಬಿಕೆ ನನಗಿಲ್ಲ ಸರ್, ಜೊತೆಗೆ ವಾಟ್ಸಾಪ್ ರಿಪ್ಲೈ ಬೇರೆ ಇದೆ. ಎರಡೂ ಕಡೆ ಒಪ್ಪಿ 1 ಲಕ್ಷ ಈಗ ವಾಪಸ್ ಕೊಟ್ಟು, ಉಳಿದ 1 ಲಕ್ಷ ಈ ಕ್ಲೇಮ್ ತೀರ್ಮಾನ ಆಗೋ ತನಕ ಇಟ್ಕೊಳೋದು ಅಂತ ಒಂದು ಪುಟದ ಕರಾರು ಬರೆಸಿ, ಅದರಲ್ಲಿ ಅವರ ಹೊಸ ವಿಳಾಸ ಮತ್ತೆ ಪಾಲಿಸಿ ನಂಬರ್ ಇರಲಿ. ಅದಕ್ಕೂ ಬಾಡಿಗೆದಾರರು ಒಪ್ಪದಿದ್ರೆ ಕೀ ತಗೊಳೋ ಮುಂಚೆ ಅಗ್ರಿಮೆಂಟ್ ಹಿಡ್ಕೊಂಡು ನಿಮ್ಮೂರಿನ ವಕೀಲರ ಹತ್ರ ಕೂತು ಮಾತಾಡಿ, ರಿಪೇರಿ ಕ್ಲಾಸ್ ಓದದೆ ನಾನು ಇದಕ್ಕಿಂತ ಮುಂದೆ ಹೇಳಕ್ಕಾಗಲ್ಲ.