ಪದಚರ್ಚೆ: ಲೆವೆಲ್‌ನ ‘ಕೊಲಿಮೇಶನ್ ಎರರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ನಾನು ಕಾಲುವೆ ಕೆಲಸದ ಸೈಟ್ ಎಂಜಿನಿಯರ್. ಸ್ಟಾಫ್, ಅಂದರೆ ಅಳತೆಗೋಲು ಹಿಡಿಯೋ ಹುಡುಗರಿಗಾಗಿ ಒಂದು ಪುಟದ ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. ವಿಷಯ, ಕೆಲಸಕ್ಕೆ ಹೊರಡುವ ಮೊದಲು ನೆಲದ ಏರುತಗ್ಗು ಅಳೆಯುವ ಆಟೋ ಲೆವೆಲ್ ಸರಿ ಇದೆಯಾ ಅಂತ ನೋಡುವ ಟೂ ಪೆಗ್ ಟೆಸ್ಟ್. ಅದಕ್ಕೆ ‘ಎರಡು ಗೂಟದ ಪರೀಕ್ಷೆ’ ಅಂದಿದ್ದೇನೆ. ತೊಡಕಾಗಿರುವುದು ‘ಕೊಲಿಮೇಶನ್ ಎರರ್’. ಒಬ್ಬರು ‘ಸಮಾಂತರೀಕರಣ ದೋಷ’ ಅಂತ ಸೂಚಿಸಿದರು. ಹುಡುಗರಿಗೆ ಓದಿ ಹೇಳಿದೆ, ಒಬ್ಬನಿಗೂ ಅರ್ಥ ಆಗಲಿಲ್ಲ. ಬೇರೆ ಮಾತು ಇದೆಯಾ?

——

ಸರ್, ಸುಲಭವಾಗಿ ‘ಮಟ್ಟ ತಪ್ಪಿದೆ’ ಅನ್ನಬಹುದಲ್ವಾ? ಮಟ್ಟ ತೋರಿಸುವ ಗುಳ್ಳೆ ನಡುವೆ ಇಲ್ಲದಿದ್ದರೆ ರೀಡಿಂಗ್ ತಪ್ಪಾಗುತ್ತದೆ, ಅಷ್ಟೇ. ಅದೂ ಆಟೋ ಲೆವೆಲ್ ಅಂದಮೇಲೆ ಒಳಗಿನ ಕಾಂಪೆನ್ಸೇಟರ್ ತಾನೇ ಸರಿಮಾಡಿಕೊಳ್ಳುತ್ತದೆ. ಪರೀಕ್ಷೆ ಯಾಕೆ?

——

ಗುಳ್ಳೆ ನಡುವೆ ಇಲ್ಲದಿದ್ದರೆ ತಪ್ಪಾಗುತ್ತದೆ, ನಿಜ. ಆದರೆ ಇಲ್ಲಿ ಕೇಳಿರುವುದು ಗುಳ್ಳೆ ನಡುವೆ ಇದ್ದೂ ಆಗುವ ತಪ್ಪು. ಮೂವತ್ತು ವರ್ಷ ಸರ್ವೆ ಮಾಡಿದವನಾಗಿ ಹೇಳುತ್ತೇನೆ. ಕಾಂಪೆನ್ಸೇಟರ್ ಸರಿಮಾಡುವುದು ಟ್ರೈಪಾಡಿನ ಸಣ್ಣ ವಾಲಿಕೆಯನ್ನು ಮಾತ್ರ. ಸಾಗಿಸುವಾಗ ಪೆಟ್ಟು ಬಿದ್ದು ರೀಡಿಂಗ್ ನೋಡುವ ಒಳಗಿನ ಗೆರೆ, ಅಂದರೆ ಅಡ್ಡಕೂದಲು, ಅಲುಗಿದ್ದರೆ, ನೋಟ ಪ್ರತಿ ಸಲವೂ ಅಷ್ಟೇ ಓರೆಯಾಗಿ ಹೋಗುತ್ತದೆ.

ಹೋದ ವಾರ ನೋಡಿದ ಒಂದು ಲೆವೆಲ್‌ನ ಲೆಕ್ಕ ಕೊಡುತ್ತೇನೆ. 60 ಮೀಟರ್ ದೂರಕ್ಕೆ ಎರಡು ಗೂಟ ಹೊಡೆದೆವು. ಸರಿಯಾಗಿ ನಡುವೆ ಮೆಷೀನ್ ಇಟ್ಟಾಗ ಮೊದಲ ಗೂಟದ ಮೇಲೆ 1.432, ಎರಡನೆಯದರ ಮೇಲೆ 1.587. ವ್ಯತ್ಯಾಸ 155 ಮಿಲಿಮೀಟರ್. ನೋಟ ಓರೆ ಇದ್ದರೂ ಎರಡೂ ಕಡೆ 30 ಮೀಟರೇ ಆದ್ದರಿಂದ ಎರಡು ರೀಡಿಂಗೂ ಒಂದೇ ಅಳತೆಯಷ್ಟು ಕೆಡುತ್ತವೆ, ಕಳೆದಾಗ ಆ ತಪ್ಪು ಹೋಗಿಬಿಡುತ್ತದೆ. ಹಾಗಾಗಿ 155 ನಂಬುವ ಲೆಕ್ಕ.

ಆಮೇಲೆ ಮೆಷೀನನ್ನು ಅದೇ ಸಾಲಿನಲ್ಲಿ ಮೊದಲ ಗೂಟದ ಹಿಂದೆ 2 ಮೀಟರ್‌ಗೆ ತಂದೆವು. ಈಗ 1.510 ಮತ್ತು 1.677. ವ್ಯತ್ಯಾಸ 167. ಗೂಟಗಳು ಕದಲಿಲ್ಲ, ಆದರೂ 12 ಮಿಲಿಮೀಟರ್ ಜಾಸ್ತಿ ಬಂತು. ದೂರದ ರೀಡಿಂಗ್ ಏರಿದೆ ಅಂದರೆ ನೋಟ ಮೇಲಕ್ಕೆ ಹೋಗುತ್ತಿದೆ. 5000ಕ್ಕೆ 1ರ ಇಳಿಜಾರಿನ ಕಾಲುವೆ 60 ಮೀಟರ್‌ಗೆ ಇಳಿಯುವುದೇ 12 ಮಿಲಿಮೀಟರ್! ಹಿಂದಿನ ನೋಟ ಹತ್ತಿರ, ಮುಂದಿನ ನೋಟ ದೂರ ಅಂತ ಸುಮ್ನೆ ಓದುತ್ತಾ ಹೋದರೆ ಇಳಿಜಾರಿನ ಲೆಕ್ಕವೇ ಕೆಟ್ಟುಹೋಗುತ್ತದೆ.

ನಮ್ಮ ಹಳೆಯ ಸ್ಟಾಫ್‌ಮನ್ ಇದಕ್ಕೆ ‘ಮೆಷೀನ್ ಮೇಲಕ್ಕೆ ನೋಡ್ತಿದೆ’ ಅನ್ನುತ್ತಿದ್ದರು. ನನಗೆ ಅದೇ ಇಷ್ಟ.

——

ನಾನು ಆಕಾಶ ನೋಡುವ ಹವ್ಯಾಸದವಳು. ನಮ್ಮಲ್ಲಿ ಕೊಲಿಮೇಶನ್ ಅಂದರೆ ಟೆಲಿಸ್ಕೋಪಿನ ಎರಡು ಕನ್ನಡಿಗಳನ್ನು ಒಂದೇ ಸಾಲಿಗೆ ತರುವುದು. ಕಾರಿನಲ್ಲಿ ಒಯ್ದರೆ ಪ್ರತಿ ಸಲ ಮಾಡಬೇಕು. ನಾನು ‘ಕನ್ನಡಿ ಕೂಡಿಸುವುದು’ ಅನ್ನುತ್ತೇನೆ. ನಿಮ್ಮ ಲೆವೆಲ್‌ನಲ್ಲೂ ಕನ್ನಡಿ ಕೂಡಿಸಬೇಕಾ?

——

ಮೇಡಂ, ಲೆವೆಲ್‌ನಲ್ಲಿ ಸಾಮಾನ್ಯವಾಗಿ ಅಡ್ಡಕೂದಲಿನ ಸ್ಕ್ರೂ ತಿರುಗಿಸುತ್ತಾರೆ. ಆದರೆ ನಿಮ್ಮ ‘ಒಂದೇ ಸಾಲು’ ಅನ್ನುವ ಮಾತು ಪದದ ಬೇರಿಗೆ ಹತ್ತಿರ ಇದೆ. ಲ್ಯಾಟಿನ್‌ನಲ್ಲಿ ಮೂಲ ಪದ ‘ಕೊಲಿನಿಯಾರೆ’, ಗೆರೆಗೆ ತರುವುದು ಅಂತ. ಹಸ್ತಪ್ರತಿಯಲ್ಲಿ ಅದನ್ನು ತಪ್ಪಾಗಿ ‘ಕೊಲಿಮಾರೆ’ ಅಂತ ಓದಿಕೊಂಡರು, ಆ ತಪ್ಪೇ ಉಳಿಯಿತು. ಕಿರಣಗಳನ್ನು ಸಮಾಂತರ ಮಾಡುವುದು ಬೆಳಕಿನ ಶಾಸ್ತ್ರದ ಅರ್ಥ. ಸರ್ವೆಯಲ್ಲಿ ಹೇಳುತ್ತಿರುವುದು ನೋಟದ ಗೆರೆಯ ಬಗ್ಗೆ. ಆದ್ದರಿಂದ ‘ಸಮಾಂತರೀಕರಣ’ ಕಷ್ಟದ ಪದ ಮಾತ್ರ ಅಲ್ಲ, ಇಲ್ಲಿ ತಪ್ಪು ಪದ. ‘ನೋಟದ ಓರೆ’ ಅಂದರೆ ಹೇಗೆ?

——

‘ನೋಟದ ಓರೆ’ ಅಂದಕೂಡಲೇ ‘ಓರೆನೋಟ’ ನೆನಪಾಗುತ್ತದೆ. ಓರೆನೋಟ ಪಕ್ಕಕ್ಕೆ ನೋಡುವುದು, ಈ ತಪ್ಪು ಮೇಲೆ ಕೆಳಗೆ. ‘ನೋಟಗೆರೆಯ ವಾಲು’ ಸರಿಯೇನೋ. ಇನ್ನೊಂದು, ಕಾಂಕ್ರೀಟ್ ಮೇಲೆ ಗೂಟ ಎಲ್ಲಿ ಹೊಡೆಯುತ್ತೀರಿ? ‘ಎರಡು ಗುರುತಿನ ಪರೀಕ್ಷೆ’ ಅನ್ನಿ.

——

ಎಲ್ಲರಿಗೂ ಧನ್ಯವಾದ. ‘ಸಮಾಂತರೀಕರಣ’ ತೆಗೆದೆ. ‘ಗೂಟ’ ಇಟ್ಟುಕೊಳ್ಳುತ್ತೇನೆ, ನಮ್ಮದು ಮಣ್ಣಿನ ಕೆಲಸ. ಗೂಟ ಗಟ್ಟಿ ಕೂರದೆ ಎರಡು ರೀಡಿಂಗ್ ನಡುವೆ ಒಂದಿಷ್ಟು ಇಳಿದರೂ ಮೆಷೀನ್ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತದೆ, ಆ ಎಚ್ಚರವೂ ಹೆಸರಿನಲ್ಲೇ ಇರಲಿ. ಹಾಳೆಯಲ್ಲಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಮೆಷೀನ್ ಮೇಲಕ್ಕೆ ನೋಡ್ತಿದೆಯಾ, ಕೆಳಕ್ಕೆ ನೋಡ್ತಿದೆಯಾ? 60 ಮೀಟರ್‌ಗೆ ಎಷ್ಟು ಮಿಲಿಮೀಟರ್?’ ತಲೆಬರಹಕ್ಕೆ ಒಂದು ನಾಮಪದ ಇನ್ನೂ ಬೇಕು. ‘ವಾಲು’ ಅಂದರೆ ಹುಡುಗರು ಟ್ರೈಪಾಡ್ ವಾಲಿದೆ ಅಂದುಕೊಳ್ಳುತ್ತಾರೆ. ಬೇರೆ ಯಾರಿಗಾದರೂ ಹೊಳೆದರೆ ಬರೆಯಿರಿ.