ಸಂಜೆ ಕಳವಳಕ್ಕೆ ಬಾಕ್ಸ್ ಬ್ರೀದಿಂಗೋ, ನಾಡಿಶೋಧನವೋ? ಮಾಡಿದವರು ಹೇಳಿ

ಹಾಸನದ ಹುಡುಗಿ
ಸಂಜೆ ಆರಾಯ್ತು ಅಂದ್ರೆ ಕಾರಣವಿಲ್ಲದೆ ಎದೆ ಡವಡವ, ಕೈ ತಣ್ಣಗೆ. ರಾತ್ರಿ ಊಟದವರೆಗೂ ಹೀಗೇ. ಡಾಕ್ಟರು ಇಸಿಜಿ, ಥೈರಾಯ್ಡ್ ಎಲ್ಲ ನೋಡಿ ಸರಿಯಿದೆ, ಉಸಿರಾಟದ ಅಭ್ಯಾಸ ಏನಾದ್ರೂ ಮಾಡಿ ಅಂದ್ರು. ಬಾಕ್ಸ್ ಬ್ರೀದಿಂಗ್ ಮಾಡ್ಲಾ, ಒಂದೊಂದೇ ಹೊಳ್ಳೆ ಮುಚ್ಚಿ ಉಸಿರಾಡೋ ನಾಡಿಶೋಧನ ಮಾಡ್ಲಾ? ನನಗೆ ಒಂದು ಕಡೆ ಮೂಗು ಆಗಾಗ ಕಟ್ಟುತ್ತೆ.

ವೈಟ್‌ಫೀಲ್ಡ್ ಕ್ಯಾಬ್
ಬಾಕ್ಸ್. ಎರಡನೇ ಮಾತೇ ಇಲ್ಲ. ನನ್ನ ಡವಡವ ಶುರುವಾಗೋದು ಸಂಜೆ ಅಮೆರಿಕದ ಕಾಲ್‌ಗೆ ಮುಂಚೆ, ಆಫೀಸ್ ಕ್ಯಾಬಲ್ಲಿ. ಆರು ಜನ ಕೂತಿರೋ ಗಾಡಿಯಲ್ಲಿ ಮೂಗು ಹಿಡ್ಕೊಂಡು ಕೂರೋಕಾಗುತ್ತಾ? ಬಾಕ್ಸ್ ಆದ್ರೆ ಕಣ್ಣು ಬಿಟ್ಕೊಂಡೇ ಮಾಡಬಹುದು, ಪಕ್ಕದವನಿಗೂ ಗೊತ್ತಾಗಲ್ಲ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡ್ತೀನಿ. ಒಂದು ಆಪ್‌ಗೆ ವರ್ಷಕ್ಕೆ 3,499 ಕಟ್ಟಿದೆ. ಪರದೆ ಮೇಲೆ ಚೌಕ ಓಡುತ್ತೆ, ಅದರ ಜೊತೆ ಉಸಿರು. ಮುಂದಿನ ವರ್ಷ ನನ್ನನ್ನು ಕೇಳದೇನೇ ಕಾರ್ಡಿಂದ ಮತ್ತೆ 3,499 ಎಳೆದುಕೊಂಡ್ರು. ಮೇಲ್ ಹಾಕಿದ್ರೆ ಉತ್ತರ ಇಲ್ಲ, ಕೊನೆಗೆ ಬ್ಯಾಂಕಲ್ಲಿ ತಕರಾರು ಹಾಕಿ ವಾಪಸ್ ತರಿಸಿದೆ. ಅದರ ಚೌಕದ ವೇಗವೂ ನನಗೆ ಹೊಂದುತ್ತಿರಲಿಲ್ಲ. ಈಗ ಹೆಬ್ಬೆರಳೇ ಆಪ್. ತೋರುಬೆರಳಿಂದ ಕಿರುಬೆರಳಿಗೆ ಒಂದೊಂದೇ ತುದಿ ಮುಟ್ಟುತ್ತಾ ಹೋದ್ರೆ ನಾಲ್ಕು ಎಣಿಕೆ, ಉಸಿರು ಒಳಗೆ. ಹಾಗೇ ವಾಪಸ್ ಬಂದ್ರೆ ನಾಲ್ಕು, ಹಿಡಿಯೋದು. ಮತ್ತೆ ಹೋಗುತ್ತಾ ಬಿಡೋದು, ಬರುತ್ತಾ ಖಾಲಿ ನಿಲ್ಲೋದು. ಅಮೆರಿಕದ ನೇವಿ ಕಮಾಂಡೋಗಳು ಮಾಡೋದು ಇದನ್ನೇ. ಸ್ಟ್ಯಾನ್‌ಫರ್ಡ್‌ನವರು ಪರೀಕ್ಷೆ ಮಾಡಿ ಇದೇ ಬೆಸ್ಟ್ ಅಂತ ತೋರಿಸಿದ್ದಾರೆ.

ಧಾರವಾಡದ ಅಕ್ಕ
ತಂಗಿ, ಮೂಗಿನ ಮಾತು ನೀ ಕಡೀಕ ಒಂದ ಸಾಲಿನ್ಯಾಗ ಬರದೀಯಲ್ಲ, ಎಲ್ಲಾ ಅದರಾಗ ಐತಿ ನೋಡು. ನನ್ನ ಎಡಗಡೆ ಮೂಗು ಸಣ್ಣಾಕಿ ಇದ್ದಾಗಿಂದ ಕಟ್ಟತೈತಿ. ನಾಡಿಶೋಧನ ಕಲೀಲಿಕ್ಕೆ ತಿಂಗಳಿಗೆ 1,800 ಕೊಟ್ಟು ಕ್ಲಾಸಿಗೆ ಸೇರಿದ್ನಿ, ಮೂರು ತಿಂಗಳದ್ದು ಮೊದಲ ಕಟ್ಟಿಸಿಕೊಂಡ್ರು. ಅಲ್ಲಿ ಕಲಸಾಂವ "ಎಡಗಡೆಯಿಂದನ ತಗೋಬೇಕ್ರಿ" ಅಂತ ಹಟ. ಕಟ್ಟಿದ ಮೂಗಿನ್ಯಾಗ ಉಸಿರು ಜಗ್ಗಿ ಜಗ್ಗಿ ಸೊಂಯ್ ಅಂತ ಸಪ್ಪಳ ಬರತಿತ್ತು, ಹುಬ್ಬಿನ ನಡುವ ನೋವು. ಸಮಾಧಾನಕ್ಕ ಅಂತ ಹೋದಾಕಿ ಉಸಿರೇ ಸಿಗವಲ್ದು ಅಂತ ಹೆದರಿ ಎದ್ದು ಬರೂದು.

ಆಮ್ಯಾಲ ಕ್ಲಾಸಿಗೆ ಹೋಗೂಕಿಂತ ಮೊದಲ ಮೂಗಿಗೆ ಡ್ರಾಪ್ಸ್ ಹಾಕ್ಕೊಳ್ಳಿಕ್ಕೆ ಹತ್ತಿದ್ನಿ. ಅಂಗಡ್ಯಾಗ ಚೀಟಿ ಇಲ್ಲದ ಕೊಡತಾರ, ಐದ ನಿಮಿಷದಾಗ ಮೂಗು ಬಯಲು! ಆದ್ರ ಅದರ ಗುಂಗು ಇಳಿದ ಕೂಡ್ಲೆ ಮೊದಲಿಗಿಂತ ಗಟ್ಟಿ ಕಟ್ಟತೈತಿ, ಮತ್ತ ಡ್ರಾಪ್ಸ್. ಕಿವಿ-ಮೂಗಿನ ಡಾಕ್ಟರಿಗೆ 600, ಸ್ಕ್ಯಾನಿಗೆ 3,500. ನಡುವಿನ ಎಲುಬು ಸೊಟ್ಟ ಐತಿ, ಆಪರೇಶನ್ನಿಗೆ 90,000 ಆಗತೈತಿ ಅಂದ್ರು. ಡ್ರಾಪ್ಸ್ ಮೂರ್ನಾಕು ದಿನಕ್ಕಿಂತ ಹೆಚ್ಚು ಹಾಕಬಾರದಂತ, ಆ ಮಾತು ಅಂಗಡ್ಯಾಂವ ಒಮ್ಮೆ ಹೇಳಿದ್ರ ಇಷ್ಟ ಆಗತಿದ್ದಿಲ್ಲ. ಆಪರೇಶನ್ ಮಾಡಿಸಿಲ್ಲ. ಬ್ಯಾರೆ ಸ್ಪ್ರೇ ಬರಕೊಟ್ರು, ಡ್ರಾಪ್ಸ್ ಬಿಡೂ ತನಕ ರಾತ್ರಿ ಬಾಯಿಲೆ ಉಸಿರಾಡಿ ಗಂಟಲು ಒಣಗಿ ಸಾಕಾತು. ಕ್ಲಾಸಿನವರು ಉಳಿದ 3,600 ಇನ್ನೂ ತಿರಗಿ ಕೊಟ್ಟಿಲ್ಲ.

ಇಷ್ಟಾದರೂ ನಾ ನಾಡಿಶೋಧನ ಬಿಟ್ಟಿಲ್ಲ. ಮೂಗು ಎರಡೂ ತೆರೆದ ದಿನ ಅದರಂಥಾದ್ದು ಇನ್ನೊಂದಿಲ್ಲ. ಬೆರಳಿಗೂ ಕೆಲಸ, ಮನಸಿಗೂ ಕೆಲಸ, ಹಾಳ ವಿಚಾರಕ್ಕ ಜಾಗಾ ಇರೂದಿಲ್ಲ. ಕಟ್ಟಿದ ದಿನ ಕಣ್ಣು ಮುಚ್ಚಿ ದುಂಬಿಯಂಗ ಗುಂಯ್ ಅನ್ನೂ ಭ್ರಾಮರಿ ಅಷ್ಟ ಮಾಡ್ತೀನಿ.

ತುಮಕೂರು ರಸ್ತೆ
"ಎರಡನೇ ಮಾತೇ ಇಲ್ಲ" ಅಂತ ಬರೆಯೋರು ಸ್ವಲ್ಪ ನಿಲ್ಲಿ. ನನಗೂ ಹೀಗೇ ಧೈರ್ಯ ಹೇಳಿ ಬಾಕ್ಸ್ ಹಿಡಿಸಿದ್ರು. ಒಳಗೆ ನಾಲ್ಕು ಸರಿ, ಹಿಡಿಯೋ ನಾಲ್ಕೂ ಸರಿ. ಉಸಿರು ಬಿಟ್ಟು ಖಾಲಿ ನಿಲ್ಲೋ ನಾಲ್ಕಿದೆಯಲ್ಲ, ಅಲ್ಲಿ ಮೂರಕ್ಕೆ ಬರುವಷ್ಟರಲ್ಲಿ ಗಂಟಲು ಯಾರೋ ಹಿಸುಕಿದ ಹಾಗೆ. ಬಾಯಿ ತೆರೆದು ಗಬಕ್ಕನೆ ಎಳ್ಕೊಂಡೆ, ಎದೆ ಇನ್ನೂ ಜೋರಾಯ್ತು, ಬೆರಳು ಜುಮುಜುಮು. ಹಾರ್ಟ್ ಅಟ್ಯಾಕ್ ಅಂತ ನಂಬಿ ರಾತ್ರಿ ಹನ್ನೊಂದಕ್ಕೆ ಎಮರ್ಜೆನ್ಸಿಗೆ ಓಡಿದ್ವಿ. ಇಸಿಜಿ, ರಕ್ತ ಪರೀಕ್ಷೆ, ಬೆಳಗಿನವರೆಗೆ ಬೆಡ್: ಬಿಲ್ಲು 6,200. ಹೆಂಡತಿ ಮಗುವನ್ನ ಎತ್ಕೊಂಡು ಕಾರಿಡಾರಲ್ಲಿ ಕೂತಿದ್ಲು. ಎಲ್ಲ ನಾರ್ಮಲ್ ಬಂತು, ಇದು ಪ್ಯಾನಿಕ್ ಅಂದ್ರು. ಆಮೇಲೆ ಮನೋವೈದ್ಯರ ಹತ್ತಿರ ಹೋಗಿ ಮಾತ್ರೆ, ಕೌನ್ಸೆಲಿಂಗ್ ಎರಡೂ ಆಯ್ತು. ಈಗ ನಾಲ್ಕೆಣಿಸಿ ಒಳಗೆ, ಆರೆಣಿಸಿ ಹೊರಗೆ. ಹಿಡಿಯೋದು ಮಾತ್ರ ಬೇಡವೇ ಬೇಡ.

ವೈಟ್‌ಫೀಲ್ಡ್ ಕ್ಯಾಬ್
ನಿಮಗೆ ಪ್ಯಾನಿಕ್ ಮೊದಲೇ ಇತ್ತು, ಅದಕ್ಕೆ ಬಾಕ್ಸ್ ಏನು ಮಾಡುತ್ತೆ? ನಾಲ್ಕು ಸೆಕೆಂಡ್ ಉಸಿರು ಹಿಡಿದು ಯಾರೂ ಸತ್ತಿಲ್ಲ. ಕೇಳಿದವರನ್ನ ಹೆದರಿಸಬೇಡಿ.

ತುಮಕೂರು ರಸ್ತೆ
ಸತ್ತಿಲ್ಲ ಅನ್ನೋದು ನನಗೂ ಗೊತ್ತು. ಆ ಹೊತ್ತಲ್ಲಿ ಗೊತ್ತಿರಲ್ಲ, ಕಾಯಿಲೆ ಅಂದ್ರೆ ಅದೇ. ಅನುಭವಿಸದವರು ಇದರಲ್ಲಿ ತೀರ್ಪು ಕೊಡಬೇಡಿ.

ಮೈಸೂರು ಮೇಷ್ಟ್ರು
ಬಹಳ ವರ್ಷ ಪ್ರಾಣಾಯಾಮ ಕಲಿಸಿದವನು ನಾನು, ಈಗ ನಿವೃತ್ತ. ಇಬ್ಬರೂ ಜಗಳ ಆಡುತ್ತಿರುವ ಜಾಗ ಸರಿಯಾದ ಜಾಗವೇ. ಉಸಿರು ತಡೆದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, "ಉಸಿರು ತಗೋ" ಎಂದು ಮೆದುಳನ್ನು ಒತ್ತಾಯಿಸುವುದು ಅದೇ. ಪ್ಯಾನಿಕ್ ಇರುವ ಹಲವರಿಗೆ ಈ ಏರಿಕೆ ಸ್ವಲ್ಪವಾದರೂ ಉಸಿರು ಕಟ್ಟಿದಂತಾಗುತ್ತದೆ. ವೈಟ್‌ಫೀಲ್ಡ್‌ನವರಿಗೆ ಹಾಗಾಗಲಿಲ್ಲ, ಅವರಿಗದು ಹೊಂದಿತು, ಅಷ್ಟೇ.

ಸ್ಟ್ಯಾನ್‌ಫರ್ಡ್ ಅಧ್ಯಯನ 2023ರಲ್ಲಿ ಪ್ರಕಟವಾದದ್ದು. ದಿನಕ್ಕೆ ಐದು ನಿಮಿಷ, ಒಂದು ತಿಂಗಳು. ಅದರಲ್ಲಿ ಮನಸ್ಸಿನ ಉಲ್ಲಾಸ ಹೆಚ್ಚಿಸುವುದರಲ್ಲಿ ಮುಂದೆ ಬಂದದ್ದು ಬಾಕ್ಸ್ ಅಲ್ಲ, ಎರಡು ಸಲ ಒಳಗೆಳೆದು ಉದ್ದಕ್ಕೆ ನಿಟ್ಟುಸಿರು ಬಿಡುವ ಕ್ರಮ. ಕಳವಳ ಎಲ್ಲ ಗುಂಪಿನಲ್ಲೂ ಇಳಿಯಿತು, ಬಾಕ್ಸ್‌ನವರಲ್ಲೂ. ನಾಡಿಶೋಧನವನ್ನು ಅವರು ಪರೀಕ್ಷೆಗೆ ತೆಗೆದುಕೊಂಡೇ ಇರಲಿಲ್ಲ, ಹಾಗಾಗಿ ಈ ಪ್ರಶ್ನೆಗೆ ಅದರಿಂದ ತೀರ್ಪು ಸಿಗುವುದಿಲ್ಲ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಬ್ಯಾಂಕಿನ ಕ್ಯಾಶ್ ಕೌಂಟರ್ ಕೆಲಸ. ಮನೆಗೆ ಬಂದ ಮೇಲೆ "ಲೆಕ್ಕ ತಪ್ಪಿತೇನೋ" ಎಂಬ ಕಳವಳ. ಬಾಕ್ಸ್ ಮಾಡಿದರೆ ಹಿಡಿದ ಹೊತ್ತಿನಲ್ಲಿ ತಲೆ ಮತ್ತೆ ನೋಟು ಎಣಿಸಲು ಹೋಗುತ್ತಿತ್ತು. ನಾಡಿಶೋಧನಕ್ಕೆ ಬದಲಾಯಿಸಿದೆವು, ತಡೆಯುವುದು ಇಲ್ಲದೆ. ಎಡದಿಂದ ನಾಲ್ಕೆಣಿಸಿ ಒಳಗೆ, ಬಲದಿಂದ ಆರೆಣಿಸಿ ಹೊರಗೆ, ಬಲದಿಂದ ನಾಲ್ಕು ಒಳಗೆ, ಎಡದಿಂದ ಆರು ಹೊರಗೆ. ಒಂದು ಸುತ್ತಿಗೆ ಇಪ್ಪತ್ತು ಸೆಕೆಂಡು, ಅಂದರೆ ನಿಮಿಷಕ್ಕೆ ಆರು ಉಸಿರು. ಹೊರಬಿಡುವಾಗ ಎದೆಬಡಿತ ತಾನಾಗಿಯೇ ನಿಧಾನವಾಗುತ್ತದೆ, ಅದಕ್ಕೇ ಅದು ಉದ್ದ.

ಮೊದಮೊದಲು ಆಕೆಗೂ ತಲೆ ಹಗುರಾಗಿ ತುಟಿಯ ಸುತ್ತ ಜುಮುಜುಮು ಬಂತು. ಗಮನಿಸಿದರೆ ಎಣಿಕೆ ಸರಿಯಿತ್ತು, ಆದರೆ ಪ್ರತಿ ಸಲ ಎದೆ ತುಂಬ ಎಳೆಯುತ್ತಿದ್ದಳು, ಉಸಿರಿನ ಸದ್ದು ನನಗೆ ಕೇಳುತ್ತಿತ್ತು. ಇಲ್ಲಿ ಕಾರ್ಬನ್ ಡೈಆಕ್ಸೈಡ್ ಅತಿಯಾಗಿ ಇಳಿದಿತ್ತು. ಸದ್ದೇ ಕೇಳದಷ್ಟು ಸಣ್ಣಗೆ ಎಳೆಯಲು ಹೇಳಿದ ಮೇಲೆ ನಿಂತಿತು. ಇದರ ಉಲ್ಟಾ, ಸುತ್ತು ಮುಗಿದ ಕೂಡಲೇ ಗಬಕ್ಕನೆ ಎಳೆಯಬೇಕೆನಿಸಿದರೆ ಎಣಿಕೆ ನಿಮಗೆ ಉದ್ದವಾಯಿತು. ಒಳಗೆ ಮೂರು, ಹೊರಗೆ ನಾಲ್ಕಕ್ಕೆ ಇಳಿಸಿ.

ಧಾರವಾಡದ ತಾಯಿಗೆ ಕಲಿಸಿದವರು ಹಟ ಮಾಡಬಾರದಿತ್ತು. ಎಲ್ಲರ ಮೂಗೂ ಕೆಲವು ಗಂಟೆಗೊಮ್ಮೆ ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲವಾಗುತ್ತದೆ. ಎಡ ಕಟ್ಟಿದ್ದರೆ ಬಲಮಗ್ಗುಲಿಗೆ ಸ್ವಲ್ಪ ಹೊತ್ತು ಮಲಗಿ ನೋಡಿ, ಮೇಲಿರುವ ಹೊಳ್ಳೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಆ ದಿನ ಎರಡೂ ಹೊಳ್ಳೆಯಲ್ಲಿ ಅದೇ ನಾಲ್ಕು–ಆರು ಸಾಕು.

ಶಿರಸಿ ಕಡೆಯವ
ಇದೆಲ್ಲ ಗ್ಯಾಸ್ಟ್ರಿಕ್ಕಿಂದ ಬರೋದು. ನನಗೂ ಸಂಜೆ ಹೀಗೇ ಆಗ್ತಿತ್ತು, ನಾಲ್ಕೂವರೆ ಕಾಫಿ ಬಿಟ್ಟ ಮೇಲೆ ಅರ್ಧ ಹೋಯ್ತು. ಉಳಿದರ್ಧಕ್ಕೆ ದಿನಾ ಸಂಜೆ ಕಪಾಲಭಾತಿ ಮಾಡಿ, ಜೊತೆಗೆ ಅನುಲೋಮ ವಿಲೋಮ. ಟಿವಿಯಲ್ಲಿ ತೋರಿಸೋದು ಅದೇ, ಲಕ್ಷಾಂತರ ಜನ ಮಾಡ್ತಾರೆ.

ಮೈಸೂರು ಮೇಷ್ಟ್ರು
ಕಾಫಿಯ ಮಾತು ಒಪ್ಪುತ್ತೇನೆ, ಅದರ ಪ್ರಭಾವ ಗಂಟೆಗಟ್ಟಲೆ ಇರುತ್ತದೆ. ಆದರೆ ಡವಡವ ಇರುವವರಿಗೆ ಸಂಜೆ ಕಪಾಲಭಾತಿ ದಯವಿಟ್ಟು ಹೇಳಬೇಡಿ. ಅದು ಎಬ್ಬಿಸುವ ಅಭ್ಯಾಸ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡುವಂಥದ್ದು. ಆನೆ, ಸಿಂಹಗಳನ್ನು ಪಳಗಿಸುವಂತೆ ಉಸಿರನ್ನೂ ಮೆಲ್ಲಮೆಲ್ಲಗೆ ಪಳಗಿಸಬೇಕು, ಇಲ್ಲದಿದ್ದರೆ ಸಾಧಕನನ್ನೇ ಕೊಲ್ಲುತ್ತದೆ ಎಂದು ಹಠಯೋಗ ಪ್ರದೀಪಿಕೆಯಲ್ಲೇ ಇದೆ.

ಶಿರಸಿ ಕಡೆಯವ
ನಾನು ಮಾಡಿ ಗುಣ ಕಂಡಿದ್ದೇನೆ. ಪುಸ್ತಕಕ್ಕಿಂತ ಅದು ದೊಡ್ಡದು.

ತುಮಕೂರು ರಸ್ತೆ
ಕಾಫಿ ಬಿಟ್ಟದ್ದರಿಂದ ಗುಣವಾಯ್ತೋ ಕಪಾಲಭಾತಿಯಿಂದಲೋ, ಎರಡನ್ನೂ ಒಟ್ಟಿಗೆ ಮಾಡಿದ್ರೆ ಹೇಗೆ ಗೊತ್ತಾಗುತ್ತೆ ಸ್ವಾಮಿ?

ಹಾಸನದ ಹುಡುಗಿ
ಮೇಷ್ಟ್ರೇ, ಬಲ ಭುಜ ನೋವಿದೆ, ಎಡಗೈಲಿ ಮೂಗು ಹಿಡಿಯಬಹುದಾ? ಮತ್ತೆ ಡವಡವ ಶುರುವಾದ ಮೇಲೆ ಮಾಡೋದಾ, ಮುಂಚೇನಾ?

ಧಾರವಾಡದ ಅಕ್ಕ
ಎಡಗೈ ಬ್ಯಾಡವಾ, ನಮ್ಮ ಕಡೆ ಬಲಗೈಲೆ ಮಾಡೂದು.

ಮೈಸೂರು ಮೇಷ್ಟ್ರು
ಬಲಗೈ ಸಂಪ್ರದಾಯ ನಿಜ, ನಾನೂ ಹಾಗೇ ಕಲಿಸಿದ್ದು. ನೋಯುವ ಭುಜ ಎತ್ತಿ ಕೂತರೆ ಮನಸ್ಸು ಭುಜದಲ್ಲೇ ಇರುತ್ತದೆ ಮಗಳೇ, ಎಡಗೈ ಬಳಸು. ತೋರುಬೆರಳು, ನಡುಬೆರಳು ಮಡಿಸಿ, ಒಂದು ಕಡೆಗೆ ಹೆಬ್ಬೆರಳು, ಇನ್ನೊಂದು ಕಡೆಗೆ ಉಂಗುರ ಬೆರಳು. ಮೂಗಿನ ಮೂಳೆ ಮುಗಿದು ಮೆತ್ತಗಾಗುವ ಜಾಗದಲ್ಲಿ ಮೆಲ್ಲಗೆ ಇಟ್ಟರೆ ಸಾಕು. ಜೋರಾಗಿ ಒತ್ತಿದರೆ ನಡುವಿನ ಗೋಡೆ ಆಚೆ ಸರಿದು ತೆರೆದ ಹೊಳ್ಳೆಯೂ ಸಣ್ಣದಾಗುತ್ತದೆ. ಮೊಣಕೈ ಎದೆಗೆ ಒರಗಿರಲಿ, ಕತ್ತು ವಾಲದಿರಲಿ.

ಆರಕ್ಕೆ ಶುರುವಾಗುವುದಾದರೆ ಐದೂವರೆಗೆ ಕೂತುಕೋ, ಐದು ನಿಮಿಷ. ಡವಡವ ಏರಿದ ಹೊತ್ತಿನಲ್ಲಿ ಬೆರಳು, ಹೊಳ್ಳೆ, ಎಣಿಕೆ ಎಲ್ಲ ನೆನಪಿಟ್ಟುಕೊಳ್ಳುವುದು ಕಷ್ಟ. ಆಗ ಬರೀ ಉದ್ದ ಉಸಿರು ಬಿಡು. ಎರಡು ಮೂರು ವಾರದಲ್ಲಿ ಇಳಿಯದಿದ್ದರೆ, ನಿದ್ದೆ, ಊಟ ಕೆಟ್ಟರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು.

ವೈಟ್‌ಫೀಲ್ಡ್ ಕ್ಯಾಬ್
ಸ್ಟ್ಯಾನ್‌ಫರ್ಡ್ ವಿಷಯ ಒಪ್ಪಿದೆ ಸರ್. ಆದ್ರೆ ಕ್ಯಾಬಲ್ಲಿ ಕೂತು ಮಾಡೋಕೆ ನಾಡಿಶೋಧನ ಆಗಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ತುಮಕೂರು ರಸ್ತೆ
ಕೇಳಿದವರು ಕ್ಯಾಬಲ್ಲಿ ಕೂತಿದ್ದಾರೆ ಅಂತ ಎಲ್ಲಿ ಬರೆದಿದ್ದಾರೆ?

ಧಾರವಾಡದ ಅಕ್ಕ
ಬ್ಯಾಂಕಿನ್ಯಾಗ ತಕರಾರು ಹಾಕಿ ರೊಕ್ಕ ತರಿಸಿದ್ನಿ ಅಂದ್ರಲ್ಲ ತಮ್ಮಾ, ಫೋನಿನ್ಯಾಗ ಕ್ಯೂಆರ್ ಒತ್ತಿ ಕೊಟ್ಟಿದ್ದಕ್ಕೂ ಹಂಗ ಆಗತೈತೇನು? ನನ್ನ 3,600ದ ರಸೀದಿ ಐತಿ.

ವೈಟ್‌ಫೀಲ್ಡ್ ಕ್ಯಾಬ್
ಅದು ಕಾರ್ಡಿನ ಹಾಗಲ್ಲ ಅಕ್ಕ. ನೀವೇ ಪಿನ್ ಒತ್ತಿ ಕಳಿಸಿದ ದುಡ್ಡನ್ನ ಬ್ಯಾಂಕು ಸುಲಭಕ್ಕೆ ಹಿಂದಕ್ಕೆ ತರಲ್ಲ. ರಸೀದಿ ಇದೆಯಲ್ಲ, ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಿ. ಮೊದಲು ಕ್ಲಾಸಿನವರಿಗೆ ದುಡ್ಡು ವಾಪಸ್ ಬೇಕು ಅಂತ ಬರವಣಿಗೆಯಲ್ಲಿ ಕಳಿಸಿ, ಆ ಮೆಸೇಜ್ ಅಳಿಸಬೇಡಿ.